ಹನ್ನೊಂದು ಹೆಸರು, ಮತ್ತೆ ಪಟ್ಟಿಯಲ್ಲಿ ಇಲ್ಲದ ಒಬ್ಬರು

"ಅವರನ್ನು ಒಮ್ಮೆ ಭೇಟಿ ಮಾಡಬೇಕು. ಮೆಸೇಜ್ ಹಾಕಿದ್ದೇನೆ, ಉತ್ತರ ಇಲ್ಲ." ಈ ಮಾತು ಹೇಳಿಕೊಂಡು ಈ ತಿಂಗಳು ಕೆಲಸ ಹುಡುಕುತ್ತಿರುವ ಮೂವರು ನನ್ನ ಹತ್ತಿರ ಬಂದರು. ಮೂವರಿಗೂ ಹೇಳಿದ್ದು ಒಂದೇ ಸಲಹೆ: ಇಬ್ಬರಿಗೂ ಗಟ್ಟಿ ಪರಿಚಯವಿರುವ ನಡುವಿನವರನ್ನು ಮೊದಲು ಹುಡುಕಿ. ಅದಕ್ಕೇ ಆ ಸಲಹೆ ಎಲ್ಲಿಂದ ಬಂತು ಅಂತ ಒಮ್ಮೆ ಬರೆದಿಡುತ್ತಿದ್ದೇನೆ. ಹೆಸರು ನಿಜವಲ್ಲ, ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಶೈಲಾ ಎಂದಿಟ್ಟುಕೊಳ್ಳೋಣ. ಕೆಮಿಸ್ಟ್ರಿ ಎಂ.ಎಸ್ಸಿ. ಆಹಾರ ಪರೀಕ್ಷೆಯ ಲ್ಯಾಬೊಂದರಲ್ಲಿ ಐದು ವರ್ಷ ಕೆಲಸ ಮಾಡಿ, ಮಗು ಹುಟ್ಟಿದ ಮೇಲೆ 2016ರಲ್ಲಿ ಬಿಟ್ಟಿದ್ದರು. ನನ್ನ ಹತ್ತಿರ ಬಂದಿದ್ದು 2024ರಲ್ಲಿ. ಬೆಂಗಳೂರಿನ ಒಂದು ದೊಡ್ಡ ಲ್ಯಾಬಿನ ಕ್ವಾಲಿಟಿ ಮ್ಯಾನೇಜರ್ ಜೊತೆ ಮಾತಾಡಬೇಕು ಅನ್ನುವುದು ಆಸೆ. ಲಿಂಕ್ಡ್‌ಇನ್‌ನಲ್ಲಿ ಕಳಿಸಿದ ರಿಕ್ವೆಸ್ಟ್ ಎರಡು ತಿಂಗಳಿಂದ ಹಾಗೇ ಬಿದ್ದಿತ್ತು. ಆ ಮ್ಯಾನೇಜರ್ ಹೆಸರಿನ ಪಕ್ಕ `2nd` ಎಂದಿತ್ತು. ಅಂದರೆ ನಡುವೆ ಒಬ್ಬರೇ. ಆ 'ಒಬ್ಬರು' ಆಗಬಲ್ಲವರು ಹನ್ನೊಂದು ಜನ. ಶೈಲಾ ಅವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರನ್ನು ಹಿಡಿದಿದ್ದರು, ತಮಗೆ ಪಾಠ ಮಾಡಿದ ಪ್ರೊಫೆಸರ್. ಪಾಪ, ಅವರು ಬಯೋಡೇಟಾವನ್ನು "ದಯವಿಟ್ಟು ಗಮನಿಸಿ" ಎಂದು ಬರೆದು ಕಳಿಸಿದ್ದರು. ಅಲ್ಲಿಗೆ ಮುಗಿಯಿತು.

ಎರಡನೇ ಭೇಟಿಯಲ್ಲಿ ಆ ಹನ್ನೊಂದು ಹೆಸರನ್ನೂ ಕಾಗದದಲ್ಲಿ ಬರೆಸಿದೆ. ಪಕ್ಕದಲ್ಲಿ ಎರಡು ಕಾಲಂ. ಮೊದಲನೆಯದು ಶೈಲಾ ಮತ್ತು ಆ ವ್ಯಕ್ತಿಯ ನಡುವಿನ ನಂಟು. ಎರಡನೆಯದು ಆ ವ್ಯಕ್ತಿ ಮತ್ತು ಮ್ಯಾನೇಜರ್ ನಡುವಿನದು. ಸೊನ್ನೆಯಿಂದ ಮೂರರವರೆಗೆ ಅಂಕ. ಫೋನ್ ಮಾಡಿದರೆ ದನಿ ಕೇಳಿಯೇ ಗುರುತು ಹಿಡಿಯುವವರಿಗೆ ಮೂರು. ಹೆಸರು ಹೇಳಿದರೆ ಮುಖ ನೆನಪಾಗುವವರಿಗೆ ಎರಡು. "ಯಾವ ಶೈಲಾ?" ಎಂದು ಕೇಳಿ, ವಿವರಿಸಿದ ಮೇಲೆ "ಓ ಹೌದಾ" ಅನ್ನುವವರಿಗೆ ಒಂದು. ಯಾವತ್ತೋ ಸುಮ್ನೆ ರಿಕ್ವೆಸ್ಟ್ ಒಪ್ಪಿಕೊಂಡವರಿಗೆ ಸೊನ್ನೆ.

ಎರಡನೇ ಕಾಲಂ ತುಂಬುವುದು ಕಷ್ಟ. ಇಬ್ಬರ ನಡುವೆ ಗೆರೆ ಇದೆ ಅಂತ ಸ್ಕ್ರೀನ್ ಹೇಳುತ್ತದೆ, ಆ ಗೆರೆ ಎಷ್ಟು ಗಟ್ಟಿ ಅಂತ ಹೇಳುವುದಿಲ್ಲ. ಹಾಗಾಗಿ ಇಬ್ಬರೂ ಒಂದೇ ಕಡೆ, ಒಂದೇ ವರ್ಷಗಳಲ್ಲಿ, ಒಂದೇ ಸಣ್ಣ ತಂಡದಲ್ಲಿ ಇದ್ದರಾ ಎಂದು ನೋಡಬೇಕು. ಅದೂ ತಿಳಿಯದಿದ್ದರೆ ನಡುವಿನವರನ್ನೇ ಕೇಳಬೇಕು: "ನಿಮಗೆ ಅವರು ಎಷ್ಟು ಪರಿಚಯ?" ಪ್ರೊಫೆಸರನ್ನು ಕೇಳಿಸಿದೆ. ಯಾವುದೋ ಸೆಮಿನಾರಿನಲ್ಲಿ ಒಮ್ಮೆ ಪಕ್ಕ ಕೂತಿದ್ದರಂತೆ, ಅಷ್ಟೇ.

ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ, ಎರಡು ಅಂಕವನ್ನೂ ಕೂಡುತ್ತಾರೆ. ಕೂಡಬಾರದು. ಎರಡರಲ್ಲಿ ಕಡಿಮೆ ಇರುವುದೇ ಆ ದಾರಿಯ ಅಂಕ. ಪ್ರೊಫೆಸರ್ ಕಡೆಯದು ಮೂರು ಮತ್ತು ಒಂದು. ಇನ್ನೊಬ್ಬರದು ಎರಡು ಮತ್ತು ಎರಡು ಎಂದುಕೊಳ್ಳಿ. ಕೂಡಿದರೆ ಎರಡೂ ನಾಲ್ಕೇ. ಆದರೆ ಪ್ರೊಫೆಸರ್ ಶೈಲಾಗಾಗಿ ಎಷ್ಟೇ ಮನಸ್ಸಿಟ್ಟು ಬರೆದರೂ, ಓದುವವರಿಗೆ ಅದು ಅಪರಿಚಿತರ ಪತ್ರವೇ ಅಲ್ವಾ?

ಹನ್ನೊಂದರಲ್ಲಿ ಏಳು ಜನ ನೇಮಕಾತಿ ಏಜೆನ್ಸಿಯವರು, ಕನ್ಸಲ್ಟೆಂಟುಗಳು. ಸಿಕ್ಕಸಿಕ್ಕವರನ್ನೆಲ್ಲ ಸೇರಿಸಿಕೊಳ್ಳುವುದೇ ಅವರ ಕೆಲಸ. ಅವರನ್ನು ಹೊಡೆದು ಹಾಕಿದೆವು. ಉಳಿದ ನಾಲ್ವರಲ್ಲಿ ಯಾರೂ ಒಂದನ್ನು ದಾಟಲಿಲ್ಲ. ಶೈಲಾ ಮುಖ ಚಿಕ್ಕದಾಯಿತು. ಬ್ಯಾಗ್ ಎತ್ತಿಕೊಳ್ಳುತ್ತಾ ಸುಮ್ನೆ ಅಂದರು:

"ಇವರಿಗಿಂತ ನಮ್ಮ ಎಚ್‌ಪಿಎಲ್‌ಸಿ ರಿಪೇರಿಗೆ ಬರ್ತಿದ್ದ ಹುಡುಗನೇ ವಾಸಿ ಮೇಡಂ. ಅವನು ಆ ಲ್ಯಾಬಿಗೂ ಹೋಗ್ತಾನೆ."

ಕೂತ್ಕೊಳ್ಳಿ ಅಂದೆ.

ಎಚ್‌ಪಿಎಲ್‌ಸಿ ಅಂದರೆ ಸ್ಯಾಂಪಲ್‌ನಲ್ಲಿ ಏನೇನು ಎಷ್ಟಿದೆ ಎಂದು ಬೇರ್ಪಡಿಸಿ ಅಳೆಯುವ ಲ್ಯಾಬಿನ ಯಂತ್ರ. ಆ 'ಹುಡುಗ' ಅದರ ಸರ್ವೀಸ್ ಎಂಜಿನಿಯರ್. ಲಿಂಕ್ಡ್‌ಇನ್‌ನಲ್ಲಿ ಇಲ್ಲ, ಹಾಗಾಗಿ ಹನ್ನೊಂದರಲ್ಲೂ ಇಲ್ಲ. ಆದರೆ ಪಂಪಿನ ಪ್ರೆಶರ್ ಏರುಪೇರಾಗಿ ಸ್ಯಾಂಪಲ್‌ಗಳೆಲ್ಲ ನಿಂತಾಗ, ರಾತ್ರಿ ಹತ್ತರವರೆಗೆ ಅವರ ಜೊತೆ ನಿಂತು ಕೆಲಸ ಮಾಡಿಸಿದವರು ಶೈಲಾ. ಅವರ ಸರ್ವೀಸ್ ರಿಪೋರ್ಟಿಗೆ ಐದು ವರ್ಷ ಸಹಿ ಹಾಕಿದವರೂ ಇವರೇ. ನಡುವೆ ಎಂಟು ವರ್ಷ ಕಳೆದಿದೆ, ಎರಡು ಅಂಕ ಕೊಡೋಣ. ಆ ಕಡೆ? ಯಂತ್ರ ಕೆಟ್ಟಾಗಲೆಲ್ಲ ಮ್ಯಾನೇಜರ್ ಫೋನ್ ಮಾಡುವುದು ಈ ಎಂಜಿನಿಯರಿಗೇ. ಕಣ್ಣು ಮುಚ್ಚಿ ಮೂರು. ದಾರಿಯ ಅಂಕ ಎರಡು.

"ಅವನ ಹತ್ರ ಹೋಗಿ ಕೇಳೋದಾ?" ಅಂದರು ಶೈಲಾ. ಸ್ವಲ್ಪ ತಡೆದು, "ಇದು ವಶೀಲಿ ಅಲ್ವಾ ಮೇಡಂ?"

ಮೊದಲ ಪ್ರಶ್ನೆಗೆ ನನಗೆ ಸಿಟ್ಟೇ ಬಂತು. ಪ್ರೊಫೆಸರ್ ಹತ್ತಿರ ಕೇಳುವಾಗ ಇಲ್ಲದ ಮುಜುಗರ ಟೂಲ್ ಬ್ಯಾಗ್ ಹೊತ್ತವರ ಹತ್ತಿರ ಯಾಕೆ? ನಾವು ನಂಟನ್ನು ಹುಡುಕುವುದು ಮೇಲಿದ್ದವರಲ್ಲಿ, ಇಲ್ಲವೇ ತೀರಾ ಹತ್ತಿರದವರಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪರಿಚಯದವರ ಮೂಲಕ ಕೆಲಸ ಸಿಕ್ಕವರ ಲೆಕ್ಕವಿದೆ. ಆ ಪರಿಚಯದವರನ್ನು ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದವರು ಆರರಲ್ಲಿ ಒಬ್ಬರಷ್ಟೇ. ಉಳಿದವರದ್ದೆಲ್ಲ ಅದಕ್ಕಿಂತ ಕಡಿಮೆ ಭೇಟಿಯಾಗುವ ನಂಟು. ಅದಕ್ಕೇ ನನ್ನ ಕಾಗದದಲ್ಲಿ ಈಗ ಒಂದು ಪ್ರಶ್ನೆ ಮೊದಲೇ ಇರುತ್ತದೆ: ಎರಡೂ ಕಡೆಯ ಬಾಗಿಲು ದಾಟುವವರು ಯಾರು? ಯಂತ್ರ ರಿಪೇರಿಯವರು, ಕೆಮಿಕಲ್ ಸಪ್ಲೈ ಮಾಡುವವರು, ಹೊರಗಿನಿಂದ ಬರುವ ಆಡಿಟರ್.

ವಶೀಲಿ ಪ್ರಶ್ನೆಯನ್ನು ಮಾತ್ರ ತಳ್ಳಿಹಾಕಲಾರೆ. ನಮ್ಮಲ್ಲಿ ಹತ್ತಿರದ ದಾರಿಗಳು ಜಾಸ್ತಿ ಹಾದುಹೋಗುವುದು ಜಾತಿ, ನೆಂಟಸ್ತಿಕೆಗಳ ಮೂಲಕವೇ. ಅದಿಲ್ಲದವರಿಗೆ ಈ ಕಾಗದ ಖಾಲಿಯೇ ಉಳಿದಿದ್ದನ್ನೂ ನೋಡಿದ್ದೇನೆ. ಆದರೂ ನಾನು ಎಳೆಯುವ ಗೆರೆ ಒಂದಿದೆ. ಕೇಳುವುದು ಕೆಲಸವಾದರೆ ವಶೀಲಿ. ಕೇಳುವುದು ಹದಿನೈದು ನಿಮಿಷದ ಮಾತು, ಅದಕ್ಕೂ ಇಲ್ಲ ಅನ್ನಲು ಜಾಗವಿದೆ ಅಂದರೆ ಅಲ್ಲ. ನೀವು ಒಪ್ಪದೇ ಇರಬಹುದು.

ಇಲ್ಲ ಅನ್ನುವ ಜಾಗ ಇಲ್ಲಿ ಇನ್ನೂ ಮುಖ್ಯವಾಗಿತ್ತು. ಆ ಮ್ಯಾನೇಜರ್ ಎಂಜಿನಿಯರಿಗೆ ಗ್ರಾಹಕರು. ಶೈಲಾ ಸರಿಯಿಲ್ಲ ಅನ್ನಿಸಿದರೆ ಕೆಟ್ಟ ಹೆಸರು ಇವರಿಗೂ ತಟ್ಟುತ್ತದೆ. ಆದ್ದರಿಂದ ಮೊದಲು ಫೋನ್ ಮಾಡಿ ಕೇಳಲು ಹೇಳಿದೆ: "ಅವರಿಗೊಂದು ಮೆಸೇಜ್ ದಾಟಿಸೋಕೆ ಆಗುತ್ತಾ? ಮುಜುಗರ ಅನ್ನಿಸಿದ್ರೆ ಖಂಡಿತ ಬೇಡ." ಅವರು ಒಪ್ಪಿದ ಮೇಲೆಯೇ, ಹಾಗೇ ಮುಂದೆ ಕಳಿಸಬಹುದಾದ ನಾಲ್ಕು ಸಾಲು:

"ನಾನು ಶೈಲಾ. 2016ರವರೆಗೆ ಎಚ್‌ಪಿಎಲ್‌ಸಿಯಲ್ಲಿ ಐದು ವರ್ಷ ಕೆಲಸ ಮಾಡಿದ್ದೇನೆ. ಮತ್ತೆ ಲ್ಯಾಬಿಗೆ ಬರುವ ಮೊದಲು ಏನು ಕಲಿಯಬೇಕು ಎಂದು ನಿಮ್ಮನ್ನು ಕೇಳಬೇಕಿತ್ತು. ಹದಿನೈದು ನಿಮಿಷ ಸಿಕ್ಕರೆ ನೀವು ಹೇಳಿದ ದಿನ ಬರುತ್ತೇನೆ."

ಬಯೋಡೇಟಾ ಬೇಡ ಅಂದೆ. ಅದನ್ನು ನೋಡಿದ ಕೂಡಲೇ "ನಮ್ಮಲ್ಲಿ ಹುದ್ದೆ ಖಾಲಿ ಇಲ್ಲ" ಎಂಬ ಉತ್ತರ ಸಿದ್ಧವಾಗಿಬಿಡುತ್ತದೆ.

ನನ್ನದೂ ಒಂದು ತಪ್ಪಾಯಿತು. ಪ್ರೊಫೆಸರ್‌ಗೆ ಫೋನ್ ಮಾಡಿ "ಸರ್, ಸದ್ಯ ಬೇಡ" ಎಂದು ಹೇಳಿಸಬೇಕಿತ್ತು, ಮರೆತೆ. ಅವರೂ ಅದೇ ವಾರ ಮತ್ತೊಂದು ಪತ್ರ ಬರೆದರು. "ಎರಡೆರಡು ಕಡೆಯಿಂದ ಹೇಳಿಸ್ತಿದ್ದೀರಲ್ಲ" ಎಂದು ಶೈಲಾ ಭೇಟಿಗೆ ಹೋದ ಕೂಡಲೇ ಮ್ಯಾನೇಜರ್ ಕೇಳಿದರಂತೆ. ಈಗ ಒಂದು ದಾರಿ ಮುಚ್ಚದೆ ಇನ್ನೊಂದನ್ನು ತೆರೆಸುವುದಿಲ್ಲ.

ಆದರೂ ಇಪ್ಪತ್ತು ನಿಮಿಷ ಮಾತಾಡಿದರು. ಹುದ್ದೆ ಇರಲಿಲ್ಲ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಅನುಸರಿಸುವುದು ಐಎಸ್‌ಒ/ಐಇಸಿ 17025 ಎಂಬ ಮಾನದಂಡವನ್ನು. ಅದು ಪರಿಷ್ಕರಣೆಯಾಗಿದ್ದು 2017ರಲ್ಲಿ, ಶೈಲಾ ಬಿಟ್ಟ ಮರುವರ್ಷ. ಅವರು ಕಲಿತಿದ್ದು 2005ರ ಆವೃತ್ತಿ. "ನಿಮ್ಮ ಯಂತ್ರದ ಕೈ ಎಲ್ಲಿಗೂ ಹೋಗಿಲ್ಲ. ಹೊಸ ಆವೃತ್ತಿಯ ಇಂಟರ್ನಲ್ ಆಡಿಟರ್ ತರಬೇತಿ ಮಾಡ್ಕೊಳ್ಳಿ, ಆಮೇಲೆ ಅರ್ಜಿ ಹಾಕಿ" ಅಂದರಂತೆ ಮ್ಯಾನೇಜರ್.

ಹೊರಬಂದ ಕೂಡಲೇ ಎಂಜಿನಿಯರಿಗೆ ಫೋನ್ ಮಾಡಿ ಏನಾಯಿತು ಎಂದು ಹೇಳಬೇಕು ಅಂತ ಮೊದಲೇ ಮಾತಾಗಿತ್ತು. ಶೈಲಾ ಲ್ಯಾಬಿನ ಗೇಟಿನಲ್ಲೇ ನಿಂತು ಮಾಡಿದರು. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ: "ನನ್ನ ಬಗ್ಗೆ ಬೇಜಾರು ಮಾಡ್ಕೊಂಡಿಲ್ಲ ತಾನೇ ಅವರು?"