ಹಳೆ ಮಾಲೀಕರ ಕಂದಾಯ ಬಾಕಿ, ನಳದ ಬಾಕಿ: ಕಟ್ಟೋದು ಯಾರು?

ಪ್ರಶ್ನೆ: ಬಳ್ಳಾರಿಯಲ್ಲಿ ಹಳೆ ಮನೆ ಕೊಂಡು ಎರಡು ತಿಂಗಳಾಯಿತು. ಈಗ ಹಿಂದಿನ ಮಾಲೀಕರ ಕಾಲದ ಮನೆ ಕಂದಾಯ, ನಳದ ಬಾಕಿ ಎರಡನ್ನೂ ನೀವೇ ಕಟ್ಟಿ ಅಂತಿದ್ದಾರೆ. ಇಸಿ ತೆಗೆಸಿ ನೋಡಿದ್ದೆ, ಏನೂ ಇರಲಿಲ್ಲ. ನಾನು ಯಾಕೆ ಕಟ್ಟಬೇಕು?

ಉತ್ತರ:

ಇಸಿಯಲ್ಲಿ ಅದು ಕಾಣೋದೇ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಕ್ರಯ, ಅಡಮಾನ, ದಾನಪತ್ರ ಇಂಥವಷ್ಟೇ ಅಲ್ಲಿ ಬರುತ್ತವೆ. ಮನೆ ಕಂದಾಯದ ಲೆಕ್ಕ ಊರಿನ ಪಾಲಿಕೆಯಲ್ಲೋ ಪುರಸಭೆಯಲ್ಲೋ ಇರುತ್ತದೆ. ನಳದ ಲೆಕ್ಕಕ್ಕೆ ಇನ್ನೊಂದು ಪುಸ್ತಕ. ನಾನೂ 2018ರಲ್ಲಿ ಇದೇ ತಪ್ಪು ಮಾಡಿದ್ದೆ. ರಾಯಚೂರು ಜಿಲ್ಲೆಯ ಒಂದು ತಾಲೂಕು ಊರಲ್ಲಿ ಮನೆ ತಗೊಂಡೆ. ಇಸಿ ಕೈಯಲ್ಲಿ ಹಿಡಿದು ನಿಶ್ಚಿಂತೆಯಾಗಿದ್ದೆ. ಖಾತೆ ಬದಲಾವಣೆಗೆ ಹೋದಾಗ ಬಾಕಿ ಹೊರಗೆ ಬಂತು.

ಇಲ್ಲಿ ಎರಡು ಪ್ರಶ್ನೆ ಕಲಸಿಹೋಗುತ್ತವೆ. ಬಾಕಿ ಯಾರದು ಅನ್ನೋದು ಒಂದು, ಕಚೇರಿಯವರು ಯಾರನ್ನು ಹಿಡಿಯುತ್ತಾರೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಿಮ್ಮ ಪರವಾಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ನೀವಿಬ್ಬರೂ ಬೇರೆ ಥರ ಒಪ್ಪಿಕೊಂಡಿಲ್ಲ ಅಂದರೆ, ಮಾರಾಟದ ದಿನದವರೆಗಿನ ಸರ್ಕಾರಿ ಬಾಕಿ ಮಾರಿದವರದು, ಆಮೇಲಿನದು ಕೊಂಡವರದು. ನಿಮ್ಮ ಕ್ರಯಪತ್ರ ತೆಗೆದು ಓದಿ. "ಈ ದಿನದವರೆಗಿನ ಕಂದಾಯ, ನೀರಿನ ಕರ ವಗೈರೆ ಬಾಕಿಗಳಿದ್ದಲ್ಲಿ ಮಾರಾಟಗಾರರೇ ಹೊಣೆ" ಅನ್ನುವಂಥ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪತ್ರ ಬರೆಯುವವರು ಅಭ್ಯಾಸಬಲದಿಂದ ಹಾಕಿರುತ್ತಾರೆ, ನಾವು ಓದದೆ ಸಹಿ ಹಾಕಿರುತ್ತೇವೆ.

ಎರಡನೆಯದು ಕಷ್ಟ. ಕಂದಾಯ ಬಾಕಿಯನ್ನು ಕಚೇರಿ ನೋಡೋದು ಮನೆಯ ಮೇಲಿನ ಹೊರೆ ಅಂತ. ಬಾಕಿ ತೀರದೆ ಖಾತೆ ನಿಮ್ಮ ಹೆಸರಿಗೆ ಸುಲಭವಾಗಿ ಬರೋದಿಲ್ಲ, ನಿಜವಾದ ಒತ್ತಡ ಅದೇ. ಗೊತ್ತಿಲ್ಲದೆ ಹಣ ಕೊಟ್ಟು ಕೊಂಡವರಿಗೆ ಕಾನೂನಿನಲ್ಲಿ ಒಂದಿಷ್ಟು ರಕ್ಷಣೆ ಇದೆ. ಅದೇ ಕಾಯ್ದೆಯ 100ನೇ ಕಲಂ, ಮತ್ತು ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1971ರಲ್ಲಿ ಕೊಟ್ಟ ತೀರ್ಪು ಈ ವಿಷಯದ್ದೇ. ಆದರೆ ಕೋರ್ಟಿನಲ್ಲಿ "ವಿಚಾರಿಸಿದ್ದರೆ ಗೊತ್ತಾಗುತ್ತಿರಲಿಲ್ಲವಾ?" ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಲಕ್ಷಗಟ್ಟಲೆ ಬಾಕಿ ಇದ್ದರೆ ವಕೀಲರ ಹತ್ತಿರ ಆ ದಾರಿ ಕೇಳಿ. ಹತ್ತು ಹನ್ನೆರಡು ಸಾವಿರಕ್ಕೆ ಕೋರ್ಟು ಹತ್ತಿದರೆ ಓಡಾಟದ ಖರ್ಚೇ ಜಾಸ್ತಿ.

ಹಾಗಂತ ಹೇಳಿದಷ್ಟು ಕಟ್ಟಿ ಬರಬೇಡಿ. ನನಗೆ ಮೊದಲು ಒಂದು ಚೀಟಿಯಲ್ಲಿ 9,120 ಅಂತ ಬರೆದುಕೊಟ್ಟರು, ಅಷ್ಟೇ. ವರ್ಷವಾರು ಲೆಕ್ಕ ಕೊಡಿ ಅಂತ ಅರ್ಜಿ ಹಾಕಿದೆ. ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಅಂತ ಪ್ರತಿ ವರ್ಷಕ್ಕೂ ಬೇರೆ ಬೇರೆ ಸಾಲು ಇರಬೇಕು. ಬಂದದ್ದು ಹೀಗಿತ್ತು: 2015-16, 2016-17, 2017-18, ವರ್ಷಕ್ಕೆ 2,000 ರೂಪಾಯಿಯಂತೆ ಅಸಲು 6,000. ಜೂನ್ ಮುಗಿದರೂ ಕಟ್ಟದಿದ್ದರೆ ತಿಂಗಳಿಗೆ ಶೇ 2 ದಂಡ. ನಾನು ಹೋದದ್ದು ಆಗಸ್ಟ್ 2018ರಲ್ಲಿ. ಮೊದಲ ವರ್ಷದ ಬಾಕಿಗೆ 38 ತಿಂಗಳು, ಅಂದರೆ 1,520 ದಂಡ. ಎರಡನೆಯದಕ್ಕೆ 26 ತಿಂಗಳು, 1,040. ಮೂರನೆಯದಕ್ಕೆ 14 ತಿಂಗಳು, 560.

ಈ ಹಾಳೆ ಹಿಡಿದು ಹಳೆ ಮಾಲೀಕರ ಮನೆಗೆ ಹೋದೆ. ವಯಸ್ಸಾದವರು. "ತಮ್ಮಾ, ನಾ ಕಟ್ಟೀನಲ್ಲೋ" ಅಂದರು. ನಂಬಲಿಲ್ಲ, ಖರೆ. ಆದರೆ ಟ್ರಂಕ್ ತೆಗೆದು ಹುಡುಕಿದಾಗ 2016-17ರ ಬ್ಯಾಂಕ್ ಚಲನ್ ಸಿಕ್ಕಿತು. ಸೀಲು, ತಾರೀಖು ಎಲ್ಲ ಸರಿಯಾಗಿತ್ತು. ಬ್ಯಾಂಕಿನಲ್ಲಿ ಕಟ್ಟಿದ ಹಣ ಲೆಕ್ಕದ ಪುಸ್ತಕಕ್ಕೆ ಏರಿರಲಿಲ್ಲ. ಅದರ ಜೆರಾಕ್ಸ್ ಕೊಟ್ಟ ಮೇಲೆ ಆ ವರ್ಷದ ಅಸಲು, ದಂಡ ಸೇರಿ 3,040 ಹೋಯಿತು. ಉಳಿದದ್ದು 6,080. ಹಳೆ ಮಾಲೀಕರನ್ನು ಮೊದಲೇ ಬೈದು ಬಂದಿದ್ದರೆ ಆ ಚಲನ್ ಕೈಗೆ ಬರುತ್ತಿರಲಿಲ್ಲ.

ನಳದ ಕಥೆ ಬೇರೆ. ಮೀಟರ್ ಇರಲಿಲ್ಲ, ತಿಂಗಳಿಗೆ ಇಷ್ಟು ಅಂತ ಕಟ್ಟುವ ನಳ. ಅಂಥದಕ್ಕೆ ನೀರು ಬರಲಿ ಬಿಡಲಿ, ಮನೆಗೆ ಬೀಗ ಇರಲಿ, ಲೆಕ್ಕ ಓಡುತ್ತಲೇ ಇರುತ್ತದೆ. ನಳ ಕಡಿತ ಮಾಡಿ ಅಂತ ಅರ್ಜಿ ಕೊಡುವವರೆಗೂ ಅದು ನಿಲ್ಲಲ್ಲ. ನನ್ನದರಲ್ಲಿ 120 ರೂಪಾಯಿಯಂತೆ 40 ತಿಂಗಳು, 4,800 ಇತ್ತು. ಹಳೆ ಮಾಲೀಕರು "ಅದು ಬಾಡಿಗೆದಾರರು ಬಳಸಿದ್ದು" ಅಂದರು. ಅದು ಅವರಿಬ್ಬರ ನಡುವಿನ ವ್ಯವಹಾರ, ನಮಗೆ ಸಂಬಂಧ ಇಲ್ಲ. ನೀವು ಇನ್ನೊಂದು ನೋಡಿಕೊಳ್ಳಿ: ಹಳೆ ಮನೆಗಳಲ್ಲಿ ಹಿತ್ತಲ ಕಡೆ ಅಜ್ಜನ ಹೆಸರಲ್ಲಿ ಇನ್ನೊಂದು ನಳ ಇದ್ದು, ಪೈಪ್ ಒಣಗಿ ವರ್ಷಗಳಾಗಿದ್ದರೂ ಪುಸ್ತಕದಲ್ಲಿ ಬದುಕಿರಬಹುದು. ನಿಮ್ಮ ಮನೆ ಮೇಲೆ ಎಷ್ಟು ಸಂಪರ್ಕ ಇವೆ, ಯಾರ ಹೆಸರಲ್ಲಿ ಇವೆ ಅಂತ ಈಗಲೇ ಕೇಳಿ.

ಲೆಕ್ಕ ಖಾತ್ರಿಯಾದ ಮೇಲೆ ಹಳೆ ಮಾಲೀಕರಿಗೆ ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಕಳಿಸಿ. ವರ್ಷವಾರು ಹಾಳೆ, ಕ್ರಯಪತ್ರದ ಆ ಪುಟ ಜೊತೆಗಿಡಿ. 15 ದಿನದಲ್ಲಿ ಕಟ್ಟಿ, ಇಲ್ಲ ಅಂದರೆ ನಾನು ಕಟ್ಟಿ ನಿಮ್ಮಿಂದ ವಸೂಲಿ ಮಾಡುತ್ತೇನೆ ಅಂತ ಬರೆಯಿರಿ. ಅವರು ಕಟ್ಟದಿದ್ದರೆ ನೀವೇ ಕಟ್ಟಿಬಿಡಿ. ಜಗಳ ಮುಗಿಯೋವರೆಗೆ ದಂಡ ಕಾಯುವುದಿಲ್ಲ.

ಕಟ್ಟಿದರೆ ಹಕ್ಕು ಹೋಗುತ್ತದಾ? ಇಲ್ಲ. ಇನ್ನೊಬ್ಬರು ಕಾನೂನಿನ ಪ್ರಕಾರ ಕಟ್ಟಬೇಕಾದ ಹಣವನ್ನು, ನಮ್ಮ ಹಿತ ಕಾಯ್ದುಕೊಳ್ಳಲು ನಾವು ಕಟ್ಟಿದರೆ ಅದನ್ನು ವಾಪಸ್ ಪಡೆಯಬಹುದು ಅಂತ 1872ರ ಕರಾರು ಕಾಯ್ದೆಯ 69ನೇ ಕಲಂ ಹೇಳುತ್ತದೆ. ತಮಾಷೆ ಅಂದರೆ, ಕಾಯ್ದೆಯಲ್ಲಿ ಕೊಟ್ಟಿರುವ ಉದಾಹರಣೆಯೂ ಕಂದಾಯದ್ದೇ. ಬಂಗಾಳದ ಜಮೀನ್ದಾರ ಸರ್ಕಾರಕ್ಕೆ ಬಾಕಿ ಉಳಿಸಿಕೊಂಡ, ಜಮೀನು ಹರಾಜಿಗೆ ಬಂತು, ಗುತ್ತಿಗೆಗೆ ಹಿಡಿದವನು ಅದನ್ನು ತಪ್ಪಿಸಲು ತಾನೇ ಕಟ್ಟಿದ. ಜಮೀನ್ದಾರ ಅವನಿಗೆ ಹಣ ತುಂಬಿಕೊಡಬೇಕು. ದಾವೆಗೆ ಕಟ್ಟಿದ ದಿನದಿಂದ ಮೂರು ವರ್ಷ ಸಮಯ.

ಒಂದು ಎಚ್ಚರಿಕೆ. ಖಾತೆ ಇನ್ನೂ ಬದಲಾಗಿಲ್ಲ ಅಂದರೆ ರಸೀದಿ ಬರೋದು ಹಳೆ ಮಾಲೀಕರ ಹೆಸರಿಗೆ! ನಗದು ಕೊಟ್ಟರೆ ನಾಳೆ ಅವರು "ನಾನೇ ಕಟ್ಟಿದ್ದು, ನೋಡಿ ನನ್ನ ಹೆಸರಿದೆ" ಅನ್ನಬಹುದು. ಚೆಕ್ಕಿನಲ್ಲಿ ಅಥವಾ ನಿಮ್ಮ ಬ್ಯಾಂಕ್ ಖಾತೆಯಿಂದ ಆನ್‌ಲೈನ್ ಕಟ್ಟಿ, ಸ್ಟೇಟ್‌ಮೆಂಟನ್ನು ರಸೀದಿ ಜೊತೆ ಪಿನ್ ಮಾಡಿ ಇಡಿ. ನೀವು ಕೊಂಡ ವರ್ಷದ ಕಂದಾಯವನ್ನು ಮಾತ್ರ ಈ ಪತ್ರದಲ್ಲಿ ಪೂರ್ತಿ ಅವರ ತಲೆಗೆ ಕಟ್ಟಬೇಡಿ. ಏಪ್ರಿಲಿನಿಂದ ಮಾರಾಟದ ದಿನದವರೆಗಿನ ತಿಂಗಳು ಅವರದು, ಉಳಿದದ್ದು ನಿಮ್ಮದು ಅಂತ ಹಂಚಿಕೊಂಡರೆ ಉಳಿದ ಮಾತೂ ಸಲೀಸಾಗುತ್ತದೆ.

ನಾನು ಕಟ್ಟಿದ್ದು ಒಟ್ಟು 10,880. ಪತ್ರ ಹೋದ ಮೇಲೆ ಅವರ ಮಗ ಎರಡು ಕಂತಲ್ಲಿ 10,000 ತಂದುಕೊಟ್ಟರು. ಆ 880 ಇನ್ನೂ ಬಂದಿಲ್ಲ. ಟ್ರಂಕಲ್ಲಿ ಚಲನ್ ಹುಡುಕಿಕೊಟ್ಟಿದ್ದಕ್ಕೆ ಅಂತ ಬಿಟ್ಟಿದ್ದೇನೆ.