ಕೈಯಲ್ಲಿ ಎಣಿಸಿದ್ರೆ ಒಂದು, ಮ್ಯಾಟ್ರಿಕ್ಸ್ ಹೇಳೋದು ಐದು

ಪ್ರಶ್ನೆ: ಸರ್, ನಾಲ್ಕು ವರ್ಟೆಕ್ಸಿನ ಗ್ರಾಫ್ ತಗೊಂಡೆ, ಎಡ್ಜ್‌ಗಳು 1-2, 1-3, 2-3, 2-4, 3-4. ಎಡ್ಜ್ ಇದ್ದ ಕಡೆ 1, ಇಲ್ಲದ ಕಡೆ 0 ಹಾಕಿದ ಮ್ಯಾಟ್ರಿಕ್ಸ್ A ತಗೊಂಡು A^k ಮಾಡಿದ್ರೆ k ಉದ್ದದ ದಾರಿಗಳ ಲೆಕ್ಕ ಸಿಗತ್ತೆ ಅಂತ ಕ್ಲಾಸಲ್ಲಿ ಹೇಳಿದ್ರು. 1ರಿಂದ 2ಕ್ಕೆ 3 ಹೆಜ್ಜೆಯ ದಾರಿ ಕೈಯಲ್ಲಿ ಹುಡುಕಿದ್ರೆ ಒಂದೇ ಸಿಗ್ತಿದೆ, ಮ್ಯಾಟ್ರಿಕ್ಸಲ್ಲಿ 5 ಬರ್ತಿದೆ. ಐಗನ್‌ವ್ಯಾಲ್ಯೂ ಹಾಕಿ 10 ಹೆಜ್ಜೆಗೆ ಮಾಡಿದ್ರೆ ನನಗೆ 2928, ಫ್ರೆಂಡ್‌ಗೆ 2929. ಯಾವುದು ಸರಿ? ಡೈರೆಕ್ಟೆಡ್ ಗ್ರಾಫಿಗೂ ಇದೇ ಫಾರ್ಮುಲಾ ನಡೆಯತ್ತಾ?

ಉತ್ತರ: ನಿಮ್ಮ ಫ್ರೆಂಡ್ ಸರಿ, ಮ್ಯಾಟ್ರಿಕ್ಸೂ ಸರಿ, ಎಡವಟ್ಟಾಗಿರೋದು "ದಾರಿ" ಅನ್ನೋ ಪದದಲ್ಲಿ. ನೀವು ಕೈಯಲ್ಲಿ ಹುಡುಕಿದ್ದು ಪಾತ್, ಅಂದ್ರೆ ಒಂದು ಸಲ ಕಾಲಿಟ್ಟ ವರ್ಟೆಕ್ಸಿಗೆ ಮತ್ತೆ ಹೋಗಂಗಿಲ್ಲ. ಮ್ಯಾಟ್ರಿಕ್ಸ್ ಎಣಿಸೋದು ವಾಕ್, ಅದಕ್ಕೆ ಅಂಥ ಯಾವ ಕಟ್ಟುಪಾಡೂ ಇಲ್ಲ, ಬಂದ ದಾರೀಲೇ ವಾಪಸ್ ಹೋಗಿ ಮತ್ತೆ ಬಂದ್ರೂ ಲೆಕ್ಕಕ್ಕೆ ಬರತ್ತೆ. ಆ ಐದೂ ಇಲ್ಲಿವೆ ನೋಡಿ: 1-3-4-2, ಇದು ನಿಮಗೆ ಸಿಕ್ಕಿದ್ದು. ಇನ್ನು ನಾಲ್ಕು 1-2-1-2, 1-3-1-2, 1-2-3-2, 1-2-4-2. ಈ ನಾಲ್ಕರಲ್ಲೂ ಯಾವುದೋ ಒಂದು ವರ್ಟೆಕ್ಸ್ ಎರಡನೇ ಸಲ ಬಂದಿದೆ, ಅದಕ್ಕೇ ನೀವು ಬಿಟ್ಟಿದ್ದೀರ.

ಹಂಗಾದ್ರೆ ಪಾತ್ ಮಾತ್ರ ಎಣಿಸೋ ಮ್ಯಾಟ್ರಿಕ್ಸ್ ಉಪಾಯ ಇಲ್ವಾ ಅಂತ ಮುಂದಿನ ಪ್ರಶ್ನೆ ಬರತ್ತೆ, ಪ್ರತಿ ವರ್ಷ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ. ಇಷ್ಟು ಅಗ್ಗಕ್ಕೆ ಸಿಗೋದು ಯಾವುದೂ ಗೊತ್ತಿಲ್ಲ. ಎರಡು ವರ್ಟೆಕ್ಸ್ ನಡುವಿನ ಪಾತ್‌ಗಳನ್ನ ಎಣಿಸೋದು ಎಷ್ಟು ಕಷ್ಟದ ಸಮಸ್ಯೆ ಅಂತ 1979ರಲ್ಲಿ ಲೆಸ್ಲಿ ವ್ಯಾಲಿಯಂಟ್ ತೋರಿಸಿದ್ದಾರೆ. ಯಾಕೆ ಅಂದ್ರೆ ಪಾತ್ ಎಣಿಸೋಕೆ ಇಲ್ಲೀತನಕ ಎಲ್ಲೆಲ್ಲಿ ಹೋಗಿ ಬಂದ್ವಿ ಅನ್ನೋದು ನೆನಪಿರಬೇಕು. ವಾಕಿಗೆ ಈಗ ಎಲ್ಲಿದೀವಿ ಅಂತ ಗೊತ್ತಿದ್ರೆ ಸಾಕು, ಮ್ಯಾಟ್ರಿಕ್ಸ್ ಗುಣಾಕಾರ ಕೆಲಸ ಮಾಡೋದೇ ಈ ಮರೆವಿನ ಮೇಲೆ.

ಅದು ಹೆಂಗೆ ಅಂತ ಆ 5ನ್ನೇ ಹಿಡ್ಕೊಂಡು ನೋಡೋಣ. ಮೊದಲು A ಮತ್ತೆ A^2:

```
A =  0 1 1 0      A^2 =  2 1 1 2
     1 0 1 1             1 3 2 1
     1 1 0 1             1 2 3 1
     0 1 1 0             2 1 1 2
```

1ರಿಂದ ಹೊರಟ್ರೆ ಮೊದಲ ಹೆಜ್ಜೆ 2ಕ್ಕೆ ಇಲ್ಲಾ 3ಕ್ಕೆ, ಬೇರೆ ಎಲ್ಲೂ ಹೋಗೋಕಾಗಲ್ಲ. 2ಕ್ಕೆ ಹೋದ್ರೆ ಉಳಿದ ಎರಡು ಹೆಜ್ಜೇಲಿ 2ರಿಂದ ಹೊರಟು 2ಕ್ಕೇ ಬರಬೇಕು, A^2ರಲ್ಲಿ ಆ ಜಾಗದಲ್ಲಿ 3 ಇದೆ (ಪಕ್ಕದ ಮೂರು ಮನೆಗಳಲ್ಲಿ ಒಂದಕ್ಕೆ ಹೋಗಿ ವಾಪಸ್ ಬರೋದು, ಅದಕ್ಕೇ A^2ರ ಕರ್ಣದಲ್ಲಿ ಯಾವಾಗ್ಲೂ ಡಿಗ್ರಿ ಬರತ್ತೆ). 3ಕ್ಕೆ ಹೋದ್ರೆ ಎರಡು ಹೆಜ್ಜೇಲಿ 3ರಿಂದ 2ಕ್ಕೆ, ಅದು 2. ಒಟ್ಟು 3+2 = 5. A ಮತ್ತೆ A^2 ಗುಣಿಸಿ A^3ರ ಮೊದಲ ಸಾಲು ತೆಗೆಯುವಾಗ ನೀವು ಮಾಡೋ ಕೂಡಿಕೆ ಅಕ್ಷರಶಃ ಇದೇ, "ಮೊದಲ ಹೆಜ್ಜೆ ಎಲ್ಲಿಗೆ" ಅನ್ನೋದರ ಮೇಲೆ ಕೂಡಿಸ್ತಾ ಹೋಗೋದು. ಇಂಡಕ್ಷನ್ ಪ್ರೂಫ್ ಅಂತ ಬರಿಯೋದೂ ಇಷ್ಟೇ.

ಈಗ ಐಗನ್‌ವ್ಯಾಲ್ಯೂಗೆ ಬರೋಣ. ಐಗನ್‌ವೆಕ್ಟರ್ ಅಂದ್ರೆ A ಗುಣಿಸಿದ್ರೆ ದಿಕ್ಕು ಬದಲಾಗದೆ ಬರೀ λ ಪಟ್ಟು ಆಗೋ ವೆಕ್ಟರ್, ಹಂಗಾಗಿ A^k ಗುಣಿಸಿದ್ರೆ λ^k ಪಟ್ಟು. ಅಂಡೈರೆಕ್ಟೆಡ್ ಗ್ರಾಫಿನ A ಸಿಮೆಟ್ರಿಕ್ ಇರೋದ್ರಿಂದ ಒಂದಕ್ಕೊಂದು ಲಂಬವಾಗಿರೋ ಐಗನ್‌ವೆಕ್ಟರ್‌ಗಳು ಪೂರ್ತಿ n ಸಿಗೋದು ಗ್ಯಾರಂಟಿ. ಅವನ್ನೆಲ್ಲ ಉದ್ದ 1 ಆಗೋ ಹಂಗೆ ಮಾಡ್ಕೊಂಡ್ರೆ iಯಿಂದ jಗೆ k ಹೆಜ್ಜೆಯ ವಾಕ್‌ಗಳ ಲೆಕ್ಕ, ಪ್ರತಿ ಐಗನ್‌ವೆಕ್ಟರ್ uಗೂ λ^k · u_i · u_j ಬರೆದು ಎಲ್ಲಾ ಕೂಡಿಸಿದ್ರೆ ಬರತ್ತೆ. ಉದ್ದ 1 ಮಾಡೋದನ್ನ ಮರೆತರೆ k = 0ಗೇ ಲೆಕ್ಕ ಕೈ ಕೊಡತ್ತೆ, ಯಾಕಂದ್ರೆ A^0 ಐಡೆಂಟಿಟಿ ಮ್ಯಾಟ್ರಿಕ್ಸ್ ಆಗಬೇಕು, ಆಗಲ್ಲ. ಚೆಕ್ ಮಾಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ನಿಮ್ಮ ಗ್ರಾಫಲ್ಲಿ ಕಂಪ್ಯೂಟರ್ ಬೇಡವೇ ಬೇಡ, ನೋಡಿದ್ರೇ ಎರಡು ಐಗನ್‌ವೆಕ್ಟರ್ ಸಿಗತ್ತೆ. 1 ಮತ್ತೆ 4ಕ್ಕೆ ನೆರೆಹೊರೆ ಒಂದೇ (2, 3), ಅದಕ್ಕೇ (1, 0, 0, -1)ನ್ನ A ಗುಣಿಸಿದ್ರೆ ಸೊನ್ನೆ, λ = 0. ಇನ್ನೊಂದು (0, 1, -1, 0), ಇದನ್ನ A ಗುಣಿಸಿದ್ರೆ ಬರೀ ಚಿಹ್ನೆ ಬದಲಾಗತ್ತೆ, λ = -1. ಈ -1 ಕಣ್ಣಿಗೇ ಕಾಣತ್ತೆ: A^2ರಲ್ಲಿ 2ರಿಂದ 2ಕ್ಕೆ 3, 2ರಿಂದ 3ಕ್ಕೆ 2, ಒಂದು ಜಾಸ್ತಿ. A^3 ಮಾಡಿ ನೋಡಿ, ಅಲ್ಲಿ 4 ಮತ್ತೆ 5, ಒಂದು ಕಮ್ಮಿ. ಹಿಂಗೇ k ಸಮ ಆದ್ರೆ ಒಂದು ಜಾಸ್ತಿ, ಬೆಸ ಆದ್ರೆ ಒಂದು ಕಮ್ಮಿ, ಕೊನೇತನಕ. ನನಗಂತೂ ಇದು ಫಾರ್ಮುಲಾಗಿಂತ ಇಷ್ಟ.

ಉಳಿದ ಎರಡು ವೆಕ್ಟರ್‌ಗಳು (x, y, y, x) ಆಕಾರದಲ್ಲಿರ್ತವೆ. A ಗುಣಿಸಿದ್ರೆ λx = 2y, λy = 2x + y. xನ್ನ ತೆಗೆದುಹಾಕಿದ್ರೆ λ² = λ + 4, ಅಂದ್ರೆ λ = (1 ± √17)/2, ಸುಮಾರು 2.5616 ಮತ್ತು -1.5616. ವೆಕ್ಟರ್ (2, λ, λ, 2), ಅದರ ಉದ್ದದ ವರ್ಗ 8 + 2λ². 1ರಿಂದ 2ಕ್ಕೆ ಬೇಕಾಗಿರೋದು 2λ/(8 + 2λ²), ಬೆಲೆ ಹಾಕಿದ್ರೆ ಒಂದಕ್ಕೆ 1/√17, ಇನ್ನೊಂದಕ್ಕೆ -1/√17. λ = 0 ಮತ್ತೆ -1ರ ವೆಕ್ಟರ್‌ಗಳಲ್ಲಿ 1ನೇ ಜಾಗ ಇಲ್ಲಾ 2ನೇ ಜಾಗ ಸೊನ್ನೆ ಇರೋದ್ರಿಂದ ಅವುಗಳ ಪಾಲು ಏನೂ ಇಲ್ಲ. ಆದ್ದರಿಂದ

w(k) = (2.5616^k − (−1.5616)^k) / √17

k = 3 ಹಾಕಿ: (16.81 + 3.81)/4.123, ಸರಿಯಾಗಿ 5. ದೊಡ್ಡ kಗೆ ಮೊದಲ ಪದವೇ ಮೆರೆಯತ್ತೆ, k = 10ಕ್ಕೆ ಅದೊಂದನ್ನೇ ತಗೊಂಡ್ರೂ 2949.9 ಬರತ್ತೆ, ನಿಜವಾದ ಉತ್ತರಕ್ಕಿಂತ 21 ಜಾಸ್ತಿ ಅಷ್ಟೇ. ಒಂದು ಹೆಜ್ಜೆ ಜಾಸ್ತಿ ಮಾಡಿದ್ರೆ ವಾಕ್‌ಗಳು ಹೆಚ್ಚುಕಮ್ಮಿ ಎರಡೂವರೆ ಪಟ್ಟಾಗತ್ತೆ ಅನ್ನೋದು ಈ ಸಂಖ್ಯೆ ಹೇಳೋ ಮಾತು.

ಇನ್ನು ನಿಮ್ಮ 2928. ಪ್ರೋಗ್ರಾಂ ನೋಡದೇನೇ ಹೇಳ್ತೀನಿ, ಕೊನೇಲಿ `int()` ಹಾಕಿರ್ತೀರ. √17ಅನ್ನ ಕಂಪ್ಯೂಟರ್ ಪೂರ್ತಿ ಇಟ್ಕೊಳ್ಳೋಕಾಗಲ್ಲ, 2928.9999999 ಅಂತ ಏನೋ ಬಂದಿರತ್ತೆ, `int()` ದಶಾಂಶಾನ ಕತ್ತರಿಸಿ ಬಿಸಾಕತ್ತೆ. `round()` ಹಾಕಿದ್ರೆ 2929 ಬರತ್ತೆ. ಆದ್ರೆ ಅದೂ ಶಾಶ್ವತ ಪರಿಹಾರ ಅಲ್ಲ, ಫ್ಲೋಟಲ್ಲಿ ನಿಲ್ಲೋದು 15-16 ಅಂಕಿ, ಉತ್ತರ ಅದಕ್ಕಿಂತ ಉದ್ದ ಆದಾಗ ಕೊನೆಯ ಅಂಕಿಗಳು ಬರೀ ಕಸ, ರೌಂಡ್ ಮಾಡಿದ್ರೂ ಅಷ್ಟೇ. ಇನ್ನೊಂದು, ಸಿಮೆಟ್ರಿಕ್ ಮ್ಯಾಟ್ರಿಕ್ಸಿಗೆ ನಂಪೈನಲ್ಲಿ `eig` ಬಿಟ್ಟು `eigh` ಬಳಸಿ. ಒಂದೇ ಐಗನ್‌ವ್ಯಾಲ್ಯೂ ಎರಡು ಸಲ ಬಂದಾಗ (ತ್ರಿಕೋನದ ಗ್ರಾಫ್ ತಗೊಂಡ್ರೆ -1 ಎರಡು ಸಲ ಬರತ್ತೆ) `eig` ಕೊಡೋ ವೆಕ್ಟರ್‌ಗಳು ಲಂಬವಾಗಿರ್ತವೆ ಅಂತ ನಂಬೋ ಹಾಗಿಲ್ಲ, ಮೇಲಿನ ಫಾರ್ಮುಲಾ ಮುರಿದುಬೀಳತ್ತೆ.

ಖಚಿತ ಉತ್ತರ ಬೇಕು ಅಂದ್ರೆ ದಶಾಂಶದ ಸಹವಾಸಾನೇ ಬಿಡಿ. λ² = λ + 4 ಅಂತ ಬಂತಲ್ಲ, ಎರಡೂ ಕಡೆ λ^(k-1) ಗುಣಿಸಿದ್ರೆ w(k+1) = w(k) + 4·w(k−1) ಅಂತ ಆಗತ್ತೆ, ಐಗನ್‌ವ್ಯಾಲ್ಯೂ ಕೊಟ್ಟ ಮಾಹಿತಿ ಪೂರಾ ಪೂರ್ಣಾಂಕದಲ್ಲೇ ಸಿಕ್ಕಂಗಾಯ್ತು:

```python
def w(k):
    a, b = 0, 1
    for _ in range(k):
        a, b = b, b + 4*a
    return a
```

1, 1, 5, 9, 29, 65, 181, 441, 1165, 2929. ಬಾಯಲ್ಲೇ ಲೆಕ್ಕ ಹಾಕಬಹುದು.

ನಿಮ್ಮ ಫ್ರೆಂಡಿಗೂ ಒಂದು ಮಾತು ಹೇಳಿಬಿಡಿ. ಅವರು ನಂಪೈನಲ್ಲಿ ಮಾಮೂಲಿ 64 ಬಿಟ್ ಪೂರ್ಣಾಂಕದಲ್ಲಿ ಪವರ್ ತೆಗೀತಿದ್ರೆ ಈ ಗ್ರಾಫಿಗೆ k = 47ರತನಕ ಸರಿ ಇರತ್ತೆ, 48ಕ್ಕೆ 1ರಿಂದ 2ಕ್ಕೆ ವಾಕ್‌ಗಳ ಸಂಖ್ಯೆ ಮೈನಸ್ ಬರತ್ತೆ, ಎರರ್ ಗಿರರ್ ಏನೂ ತೋರಿಸಲ್ಲ. ಮೈನಸ್ ಬಂದಿದ್ದು ಒಂಥರ ಅದೃಷ್ಟ, ಕಣ್ಣಿಗೆ ಬೀಳತ್ತೆ. ಅದಕ್ಕಿಂತ ದೊಡ್ಡ kಗೆ ಪ್ಲಸ್ಸೇ ಬಂದು ತಪ್ಪಾಗಿರಬಹುದು, ಆಗ ಯಾರಿಗೂ ಗೊತ್ತಾಗಲ್ಲ. ಮೇಲಿನ ಪೈಥಾನ್ ಕೋಡಿಗೆ ಈ ಕಾಟ ಇಲ್ಲ, ಅದರ ಪೂರ್ಣಾಂಕಕ್ಕೆ ಮೇಲ್ಮಿತಿ ಇಲ್ಲ.

ಡೈರೆಕ್ಟೆಡ್ ಗ್ರಾಫಿಗೆ ಬಂದ್ರೆ, A^k ಎಣಿಸೋ ಮಾತು ಹಂಗೇ ನಿಲ್ಲತ್ತೆ, ಮೊದಲ ಹೆಜ್ಜೆ ಎಲ್ಲಿಗೆ ಅನ್ನೋ ವಾದದಲ್ಲಿ ಬಾಣ ಯಾವ ಕಡೆಗಿದ್ರೂ ತೊಂದರೆ ಇಲ್ಲ. ಕೈ ಕೊಡೋದು ಐಗನ್ ಫಾರ್ಮುಲಾ. ಎರಡೇ ವರ್ಟೆಕ್ಸ್ ತಗೊಳ್ಳಿ, ಎರಡಕ್ಕೂ ಒಂದೊಂದು ಲೂಪ್, ಜೊತೆಗೆ 1ರಿಂದ 2ಕ್ಕೆ ಒಂದು ಬಾಣ:

```
A =  1 1      A^k =  1 k
     0 1             0 1
```

1ರಿಂದ 2ಕ್ಕೆ k ಹೆಜ್ಜೇಲಿ ಹೋಗೋದು ಅಂದ್ರೆ ಸ್ವಲ್ಪ ಹೊತ್ತು 1ರಲ್ಲೇ ಗಿರಕಿ ಹೊಡೆದು, ಯಾವುದೋ ಒಂದು ಹೆಜ್ಜೇಲಿ ದಾಟಿ, ಉಳಿದ ಹೊತ್ತು 2ರಲ್ಲಿ ಗಿರಕಿ. ದಾಟೋ ಹೆಜ್ಜೆ ಯಾವುದು ಅನ್ನೋಕೆ k ಆಯ್ಕೆ, ಅದಕ್ಕೇ ಉತ್ತರ k. ಆದ್ರೆ ಐಗನ್‌ವ್ಯಾಲ್ಯೂ ನೋಡಿ, 1 ಮತ್ತೆ 1. 1^kನ ಎಷ್ಟು ಕೂಡಿ ಕಳೆದ್ರೂ k ಹುಟ್ಟಲ್ಲ. ಐಗನ್‌ವೆಕ್ಟರ್ ಇಲ್ಲಿ ಒಂದೇ ದಿಕ್ಕಲ್ಲಿ ಸಿಗತ್ತೆ, ಎರಡನೇದು ಇಲ್ವೇ ಇಲ್ಲ, ಹಂಗಾಗಿ ಫಾರ್ಮುಲಾ ಬರಿಯೋಕೆ ಸಾಮಾನೇ ಸಾಲ್ದು. ಇಂಥ ಕಡೆ ಜೋರ್ಡನ್ ರೂಪ ಬೇಕಾಗತ್ತೆ, ಅಲ್ಲಿ λ^k ಜೊತೆ k·λ^(k-1) ಥರದ ಪದಗಳೂ ಬರ್ತವೆ, λ = 1 ಹಾಕಿದ್ರೆ ನಮಗೆ ಬೇಕಾದ k ಅಲ್ಲೇ ಕೂತಿರತ್ತೆ.