ಅರ್ಧದ ಗೆರೆಯೂ ಹದಿನಾಲ್ಕು ಲಕ್ಷದ ಕಾರೂ: ಒಂದು ತೆರಿಗೆ ಸಲಹೆಯ ಪ್ರಕರಣ

(ವ್ಯಕ್ತಿಯ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಎಸ್. ಅವರು ಉಡುಪಿಯಲ್ಲಿ ಸ್ವಂತವಾಗಿ ಒಳಾಂಗಣ ವಿನ್ಯಾಸದ ಕೆಲಸ ಮಾಡುತ್ತಾರೆ. ಮನೆ ಮಣಿಪಾಲದಲ್ಲಿ. ಸೈಟುಗಳು ಬ್ರಹ್ಮಾವರ, ಕುಂದಾಪುರ, ಕಾರ್ಕಳದ ಕಡೆ ಇರುತ್ತವೆ. ಟೈಲ್ಸ್ ನೋಡಲು ತಿಂಗಳಿಗೆ ಎರಡು ಮೂರು ಸಲ ಮಂಗಳೂರಿಗೂ ಹೋಗಬೇಕಾಗುತ್ತದೆ. ಕೈಯಲ್ಲಿ ಎಂಟು ಲಕ್ಷದ ಸಣ್ಣ ಕಾರಿನ ಕೊಟೇಶನ್ ಒಂದು, ಹದಿನಾಲ್ಕು ಲಕ್ಷದ ದೊಡ್ಡ ಕಾರಿನದು ಇನ್ನೊಂದು. "ಸರ್, ದೊಡ್ಡದು ತಗೊಂಡರೆ ಟ್ಯಾಕ್ಸಲ್ಲಿ ಉಳಿತದೆ, ಇಡೀ ಗಾಡಿಯೇ ಖರ್ಚಿಗೆ ಹಾಕ್ಬಹುದು ಅಂತ ಶೋರೂಮಿನವರು ಹೇಳಿದ್ರು. ಭಾವನೂ ಅದನ್ನೇ ಹೇಳ್ತಾರೆ. ಹೌದಾ?" ಎಂದು ಕೇಳಿದರು.

ಯಾವ ಕಾರು ಎಂಬುದು ಆಮೇಲೆ. ನಾನು ಮೊದಲು ಕೇಳಿದ್ದು ಅವರು ರಿಟರ್ನ್ ಹೇಗೆ ಸಲ್ಲಿಸುತ್ತಾರೆ ಎಂದು. ಅವರದು ಅಂದಾಜು ಆದಾಯದ ಪದ್ಧತಿ, 44ADA ಎಂದು ಎಲ್ಲರೂ ಕರೆಯುತ್ತಿದ್ದದ್ದು. ವಕೀಲರು, ವೈದ್ಯರು, ಎಂಜಿನಿಯರುಗಳು, ಒಳಾಂಗಣ ವಿನ್ಯಾಸಕರಂಥ ವೃತ್ತಿಯವರು ವರ್ಷದ ಒಟ್ಟು ಸಂಭಾವನೆ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟಬಹುದು. ನಗದಾಗಿ ಬಂದದ್ದು ಶೇ. 5 ದಾಟದಿದ್ದರೆ ಮಿತಿ 75 ಲಕ್ಷ. ಉಳಿದರ್ಧ ಖರ್ಚೆಂದು ಲೆಕ್ಕ, ಬಿಲ್ಲು ಕೇಳುವುದಿಲ್ಲ. ಆದರೆ ಆ ಅರ್ಧದೊಳಗೆ ಬಾಡಿಗೆ, ಸಂಬಳ, ಪೆಟ್ರೋಲು, ಕಾರಿನ ಬೆಲೆ ವರ್ಷವರ್ಷ ಇಳಿಯುವುದಕ್ಕೆ ಕೊಡುವ ಸವಕಳಿ ಎಲ್ಲವೂ ಬಂದುಬಿಟ್ಟಿವೆ. ಬೇರೆಯಾಗಿ ಕಾರನ್ನು ಕಳೆಯಲು ಅಲ್ಲಿ ಜಾಗವಿಲ್ಲ. ಎಂಟು ಲಕ್ಷದ್ದು ತೆಗೆದುಕೊಂಡರೂ ಹದಿನಾಲ್ಕರದ್ದು ತೆಗೆದುಕೊಂಡರೂ ತೆರಿಗೆ ಅಷ್ಟೇ.

"ಹಾಗಾದ್ರೆ ಆ ಪದ್ಧತಿ ಬಿಟ್ಟು ಲೆಕ್ಕದ ಪುಸ್ತಕ ಬರೆದರೆ?" ಎಂದರು. ಸರಿಯಾದ ಪ್ರಶ್ನೆ. ಅದಕ್ಕೆ ಲೆಕ್ಕ ಹಾಕಿಯೇ ನೋಡಬೇಕು.

ಅವರ ಒಟ್ಟು ಸಂಭಾವನೆ 30 ಲಕ್ಷ. ಅರ್ಧದ ಗೆರೆ ಬೀಳುವುದು 15 ಲಕ್ಷಕ್ಕೆ. ಕಚೇರಿ ಬಾಡಿಗೆ, ಡ್ರಾಫ್ಟ್ಸ್‌ಮನ್ ಮತ್ತು ಸೈಟ್ ನೋಡಿಕೊಳ್ಳುವ ಹುಡುಗನ ಸಂಬಳ, ಸಾಫ್ಟ್‌ವೇರ್, ಪ್ರಿಂಟ್ ಎಲ್ಲ ಸೇರಿ ಕಾರು ಬಿಟ್ಟು ನಿಜವಾದ ಖರ್ಚು 11 ಲಕ್ಷ. ಅಂದರೆ ಕಾರಿನಿಂದ ನಾಲ್ಕು ಲಕ್ಷಕ್ಕಿಂತ ಹೆಚ್ಚು ವೃತ್ತಿಯ ಖರ್ಚು ಹುಟ್ಟಿದರೆ ಮಾತ್ರ ಪುಸ್ತಕ ಬರೆಯುವುದರಲ್ಲಿ ಅರ್ಥವಿದೆ.

ಇನ್ನು ಕಾರು ವೃತ್ತಿಗೆ ಎಷ್ಟು ಓಡುತ್ತದೆ? ಸ್ವಂತಕ್ಕೂ ವೃತ್ತಿಗೂ ಒಂದೇ ವಾಹನ ಬಳಸಿದರೆ ವೃತ್ತಿಯ ಪಾಲಿನಷ್ಟನ್ನೇ ಕಳೆಯಬೇಕು. ತೆರಿಗೆ ಅಧಿಕಾರಿಗೆ ಆ ಪಾಲನ್ನು ನ್ಯಾಯವಾಗಿ ನಿಗದಿಪಡಿಸುವ ಹಕ್ಕಿದೆ. ಎಸ್. ಅವರ ಅಂದಾಜು ಶೇ. 80 ಇತ್ತು. ಈಗ ಓಡಿಸುವ ಹಳೇ ಕಾರಿನಲ್ಲೇ ಒಂದು ತಿಂಗಳು ಬರೆದಿಡಿ ಎಂದು ಹೇಳಿ ಕಳುಹಿಸಿದೆ. ಅವರು ತಂದದ್ದು ಸಣ್ಣ ಡೈರಿ. ದಿನಾಂಕ, ಹೊರಡುವಾಗಿನ ಮೀಟರ್, ಬರುವಾಗಿನ ಮೀಟರ್, ಯಾವ ಸೈಟು, ಯಾರ ಕೆಲಸ, ಇಷ್ಟೇ. ಒಟ್ಟು 1,500 ಕಿ.ಮೀ. ಓಡಿತ್ತು. ಮಣಿಪಾಲದಿಂದ ಕಚೇರಿಗೆ ಹೋಗಿಬರುವುದು, ಮಗಳ ಶಾಲೆ, ಒಂದು ಭಾನುವಾರದ ಕಟೀಲು ಇವನ್ನೆಲ್ಲ ಸ್ವಂತದ್ದೆಂದು ತೆಗೆದಾಗ ಉಳಿದದ್ದು 900. ಶೇ. 60.

ಮನೆಯಿಂದ ಕಚೇರಿಗೆ ಹೋಗುವುದನ್ನು ವೃತ್ತಿಗೆ ಸೇರಿಸಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಪ್ರಶ್ನೆ ಬಂದರೆ ಮೊದಲು ಬೀಳುವುದು ಅದೇ. ಪೆಟ್ರೋಲ್ ಬಿಲ್ಲಿನ ಕಟ್ಟೂ ಸಾಕಾಗುವುದಿಲ್ಲ. ಗಾಡಿ ಎಲ್ಲಿಗೆ ಹೋಯಿತೆಂದು ಅದರಲ್ಲಿ ಇರುವುದಿಲ್ಲ. ಡೈರಿಯಲ್ಲಿ ಕುಂದಾಪುರ ಎಂದಿರುವ ದಿನವೇ ಫಾಸ್ಟ್ಯಾಗ್ ಸ್ಟೇಟ್‌ಮೆಂಟಿನಲ್ಲಿ ಸಾಸ್ತಾನ ಟೋಲ್ ಕಾಣಿಸಿದರೆ, ಮಂಗಳೂರು ಎಂದಿರುವ ದಿನ ಹೆಜಮಾಡಿ ಕಾಣಿಸಿದರೆ, ಆ ಡೈರಿಗೆ ಬಲ ಬರುತ್ತದೆ.

ಹದಿನಾಲ್ಕು ಲಕ್ಷದ ಪೆಟ್ರೋಲ್ ಕಾರಿಗೆ ಬರೋಣ. ಸವಕಳಿ ವರ್ಷಕ್ಕೆ ಶೇ. 15, ಪ್ರತಿವರ್ಷ ಉಳಿದ ಮೌಲ್ಯದ ಮೇಲೆ. ಮೊದಲ ವರ್ಷ 2.1 ಲಕ್ಷ. ಸಾಲದ ಬಡ್ಡಿ ಸುಮಾರು ಒಂದು ಲಕ್ಷ. ಇಎಂಐಯಲ್ಲಿ ಅಸಲಿನ ಪಾಲು ಖರ್ಚೇ ಅಲ್ಲ. ಇಡೀ ಕಾರು ಖರ್ಚಿಗೆ ಎನ್ನುವವರು ಇಲ್ಲೇ ದಾರಿ ತಪ್ಪುವುದು. ಪೆಟ್ರೋಲು, ವಿಮೆ, ಸರ್ವಿಸ್ 1.4 ಲಕ್ಷ. ಒಟ್ಟು 4.5 ಲಕ್ಷ; ಅದರ ಶೇ. 60 ಎಂದರೆ 2.7 ಲಕ್ಷ. ಹನ್ನೊಂದಕ್ಕೆ ಕೂಡಿಸಿದರೆ 13.7. ಗೆರೆ ಮುಟ್ಟಲೇ ಇಲ್ಲ. ಪುಸ್ತಕ ಬರೆದರೆ ಈಗ ಕಟ್ಟುವುದಕ್ಕಿಂತ ಹೆಚ್ಚೇ ತೆರಿಗೆ ಕಟ್ಟಬೇಕಾಗುತ್ತದೆ.

ಭಾವನ ಕೊನೆಯ ಬಾಣ ಎಲೆಕ್ಟ್ರಿಕ್ ಕಾರು. ಅದಕ್ಕೆ ಸವಕಳಿ ಶೇ. 40, ಅದು ನಿಜ. ಅದೇ ಬೆಲೆಗೆ ಮೊದಲ ವರ್ಷ 5.6 ಲಕ್ಷ, ಬಡ್ಡಿ, ಕರೆಂಟು, ವಿಮೆ ಸೇರಿ 7.2. ಶೇ. 60 ತೆಗೆದರೆ 4.32 ಲಕ್ಷ. ಗೆರೆಯನ್ನು 32 ಸಾವಿರದಷ್ಟು ದಾಟಿತು! ಆದರೆ 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಅವರ ಹಂತಕ್ಕೆ ಸೆಸ್ ಸೇರಿ ಶೇ. 15.6, ಉಳಿಯುವುದು ಐದು ಸಾವಿರ ರೂಪಾಯಿ. ಅರ್ಧಕ್ಕಿಂತ ಕಡಿಮೆ ಆದಾಯ ತೋರಿಸಿದರೆ ಪುಸ್ತಕ ಇಡಬೇಕು, ಆಡಿಟ್ ಮಾಡಿಸಬೇಕು. ಆಡಿಟರ ಶುಲ್ಕವೇ ಅದಕ್ಕಿಂತ ಹೆಚ್ಚು. ಎರಡನೇ ವರ್ಷ ಸವಕಳಿ 3.36 ಲಕ್ಷಕ್ಕೆ ಇಳಿಯುವುದರಿಂದ ಮತ್ತೆ ಗೆರೆಯ ಕೆಳಗೇ.

"ಈಗ ಬೇಡ, ಮುಂದೆ ಯಾವಾಗಲಾದ್ರೂ ಪುಸ್ತಕಕ್ಕೆ ಬಂದಾಗ ಸವಕಳಿ ಪೂರ್ತಿ ತಗೊಂಡರಾಯ್ತಲ್ಲ?" ಎಂದರು. ಅದೂ ಆಗುವುದಿಲ್ಲ. ಅಂದಾಜು ಪದ್ಧತಿಯ ವರ್ಷಗಳಲ್ಲೂ ಸವಕಳಿ ಕೊಟ್ಟಾಯಿತೆಂದೇ ಕಾನೂನು ಭಾವಿಸುತ್ತದೆ. ಮೌಲ್ಯ ಸುಮ್ಮನೆ ಕರಗುತ್ತಿರುತ್ತದೆ.

ಜಿಎಸ್‌ಟಿಯ ಆಸೆಯನ್ನೂ ಬಿಡಬೇಕಾಯಿತು. ಎಸ್. ನೋಂದಾಯಿತರೇ, ಆದರೆ ಚಾಲಕರೂ ಸೇರಿ ಹದಿಮೂರು ಸೀಟಿನೊಳಗಿನ ಕಾರಿಗೆ ಅವರ ವೃತ್ತಿಯಲ್ಲಿ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಸರಕು ಸಾಗಿಸುವ ಪಿಕಪ್‌ಗಾದರೆ ಸಿಗುತ್ತದೆ. ಹಾಗೆಂದು ಇವರಿಗೆ ಪಿಕಪ್ ಯಾಕೆ? ಪ್ಲೈವುಡ್ ಹೇಗೂ ಅಂಗಡಿಯವರೇ ಸೈಟಿಗೆ ಇಳಿಸುತ್ತಾರೆ. ಇವರು ಒಯ್ಯುವುದು ಲ್ಯಾಮಿನೇಟ್ ಸ್ಯಾಂಪಲ್ಲಿನ ಎರಡು ಪೆಟ್ಟಿಗೆ, ಒಂದು ಲ್ಯಾಪ್‌ಟಾಪ್.

ಹಾಗಾಗಿ ನಾನು ಕೊಟ್ಟ ಸಲಹೆ ನೇರವಾಗಿತ್ತು: ಅಂದಾಜು ಪದ್ಧತಿಯಲ್ಲೇ ಇರಿ, ತೆರಿಗೆಯನ್ನು ಈ ತೀರ್ಮಾನದಿಂದ ಹೊರಗಿಡಿ. ಎರಡು ಕಾರುಗಳ ನಡುವಿನ ಆರು ಲಕ್ಷ ಪೂರ್ತಿ ನಿಮ್ಮ ಕೈಯಿಂದಲೇ ಹೋಗುತ್ತದೆ. ಮನೆಯವರಿಗೆ ದೊಡ್ಡ ಕಾರು ಬೇಕಿದ್ದರೆ ಮನೆಯ ದುಡ್ಡೆಂದೇ ತಿಳಿದು ತೆಗೆದುಕೊಳ್ಳಿ, ತಪ್ಪಿಲ್ಲ. ಸೈಟಿನ ಕೆಲಸಕ್ಕೆ ಸಣ್ಣದು ಧಾರಾಳ ಸಾಕು.

ಒಂದು ಸಂದರ್ಭದಲ್ಲಿ ಉತ್ತರ ಬದಲಾಗುತ್ತದೆ. ಮಂಗಳೂರಿನಲ್ಲೂ ಕಚೇರಿ ತೆರೆದು ಇನ್ನೊಬ್ಬರನ್ನು ಇಟ್ಟುಕೊಳ್ಳುವ ಯೋಚನೆ ಅವರಿಗುಂಟು. ಆಗ ಕಾರು ಬಿಟ್ಟೇ ಖರ್ಚು 14 ಲಕ್ಷ ಆದೀತು. ಅದೇ ದೊಡ್ಡ ಪೆಟ್ರೋಲ್ ಕಾರು 2.7 ಲಕ್ಷ ಸೇರಿಸಿದರೆ ಗೆರೆಯಿಂದ 1.7 ಲಕ್ಷ ಮೇಲೆ. ಮೊದಲ ವರ್ಷ ಸುಮಾರು 26 ಸಾವಿರ ತೆರಿಗೆ ಉಳಿದೀತು, ಆಡಿಟ್ ಖರ್ಚು ಕಳೆಯುವ ಮೊದಲು. ಅಂಥ ವರ್ಷ ಬಂದರೆ ಕೊಳ್ಳುವ ತಿಂಗಳನ್ನೂ ನೋಡಬೇಕು. ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ವಾಹನಕ್ಕೆ ಅರ್ಧ ಸವಕಳಿ ಮಾತ್ರ, ಹಾಗಾಗಿ ಅಕ್ಟೋಬರ್ ಮೊದಲ ವಾರ ಕಳೆದ ಮೇಲೆ ಕೊಂಡರೆ ಶೇ. 15 ಹೋಗಿ 7.5 ಆಗುತ್ತದೆ. ಬುಕಿಂಗ್ ದಿನ ಲೆಕ್ಕಕ್ಕಿಲ್ಲ, ಗಾಡಿ ಬಳಕೆಗೆ ಬಂದ ದಿನ ಮುಖ್ಯ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ಒಬ್ಬರಿಗೆ ಒಂದೇ ದಿನ ಹತ್ತು ಸಾವಿರ ಮೀರಿ ನಗದು ಕೊಟ್ಟರೆ ಆ ಮೊತ್ತ ಕಾರಿನ ಬೆಲೆಯಲ್ಲಿ ಸೇರುವುದಿಲ್ಲ.

ಎಸ್. ಸಣ್ಣ ಕಾರು ಬುಕ್ ಮಾಡಿದ್ದಾರೆ. ಡೈರಿ ಬರೆಯುವುದನ್ನು ನಿಲ್ಲಿಸಬೇಡಿ ಎಂದಿದ್ದೇನೆ, ಮಂಗಳೂರಿನ ಕಚೇರಿ ಆದ ವರ್ಷ ಅದೇ ಮೊದಲು ಬೇಕಾಗುವುದು.